ಗೇಟ್ 3 ಮುಚ್ಚಿದಾಗ: ತುಂಬಿದ ಕ್ರೀಡಾಂಗಣದಲ್ಲಿ ಧ್ವನಿವರ್ಧಕ ಪ್ರಕಟಣೆಗಳ ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸಿರುವುದು ಯಾವುದೋ ಒಂದು ಕ್ರೀಡಾಂಗಣದಲ್ಲಿ ನಡೆದ ಘಟನೆಯ ದಾಖಲೆಯಲ್ಲ. ಪ್ರಕಟಣೆ ಕೊಠಡಿಯಲ್ಲಿ ಕೂರುವವರ ತರಬೇತಿಗಾಗಿ ಕಟ್ಟಿಕೊಂಡ ಒಂದು ಸನ್ನಿವೇಶ. ಆದರೆ ಅದರೊಳಗಿನ ಪ್ರತಿಯೊಂದು ತೊಡಕೂ ತುಂಬಿದ ಮೈದಾನಗಳಲ್ಲಿ ಆಗಾಗ ಎದುರಾಗುವಂಥದ್ದೇ. ಪಂದ್ಯದ ಕೊನೆಯ ಹಂತದಲ್ಲಿ ಒಂದು ನಿರ್ಗಮನ ದ್ವಾರ ಮುಚ್ಚಬೇಕಾಗುತ್ತದೆ, ಅದೇ ಹೊತ್ತಿಗೆ ಒಂದು ಮಗು ಕಾಣೆಯಾಗುತ್ತದೆ, ಆಟ ಮುಗಿದ ಮೇಲೆ ಒಂದು ಮೆಟ್ಟಿಲ ಬಳಿ ಜನ ಒತ್ತೊತ್ತಾಗಿ ನಿಲ್ಲುತ್ತಾರೆ. ಈ ಮೂರಕ್ಕೂ ಇರುವುದು ಒಂದೇ ಮೈಕ್, ಒಬ್ಬರೇ ಉದ್ಘೋಷಕರು.

ಪೂರ್ವದ ಸ್ಟ್ಯಾಂಡಿನಲ್ಲಿ 9,000 ಪ್ರೇಕ್ಷಕರಿದ್ದಾರೆ. ತಲಾ 750 ಆಸನಗಳ 12 ಬ್ಲಾಕ್‌ಗಳಿವೆ. 1ರಿಂದ 3ನೇ ಬ್ಲಾಕಿನವರು ಗೇಟ್ 1ರಿಂದ, 4ರಿಂದ 6ನೆಯವರು ಗೇಟ್ 2ರಿಂದ, 7ರಿಂದ 9ನೆಯವರು ಗೇಟ್ 3ರಿಂದ, ಉಳಿದವರು ಗೇಟ್ 4ರಿಂದ ಒಳಬಂದಿದ್ದಾರೆ. ನಾಲ್ಕು ಗೇಟುಗಳ ಅಗಲವೂ ತಲಾ 4 ಮೀಟರ್. ಗೇಟ್ 4ರ ಆಚೆ ಉತ್ತರ ಸ್ಟ್ಯಾಂಡಿಗೆ ಸೇರಿದ ಗೇಟ್ 5 ಇದೆ; ಅದರ ಅಗಲವೂ ಅಷ್ಟೇ, ಆದರೆ ಅದನ್ನು ಬಳಸುವವರು 1,500 ಜನ ಮಾತ್ರ. ನಡೆಯುತ್ತಿರುವುದು ಫುಟ್‌ಬಾಲ್ ಪಂದ್ಯ. 78ನೇ ನಿಮಿಷದಲ್ಲಿ ಗೇಟ್ 3ರ ಹೊರಗಿನ ವಿದ್ಯುತ್ ಪೆಟ್ಟಿಗೆಯಿಂದ ಹೊಗೆ ಬರುತ್ತಿದೆ ಎಂದು ಅಲ್ಲಿನ ಸಿಬ್ಬಂದಿ ವಾಕಿಟಾಕಿಯಲ್ಲಿ ತಿಳಿಸುತ್ತಾರೆ. ಸುರಕ್ಷತಾ ಅಧಿಕಾರಿ ಆ ಗೇಟನ್ನು ಮುಚ್ಚಿಸುತ್ತಾರೆ. ಅಗ್ನಿಶಾಮಕ ಸಿಬ್ಬಂದಿ ನೋಡಿ, ಅರ್ಧ ಗಂಟೆಯೊಳಗೆ ಆ ದಾರಿ ಬಳಕೆಗೆ ಸಿಗುವುದಿಲ್ಲ ಎನ್ನುತ್ತಾರೆ. ಬೆಂಕಿ ಹರಡುವ ಭಯವಿಲ್ಲ. ಸ್ಟ್ಯಾಂಡನ್ನು ತೆರವು ಮಾಡಿಸುವ ಅಗತ್ಯವಿಲ್ಲ. ಆಟ ಮುಂದುವರಿಯುತ್ತದೆ.

ಲೆಕ್ಕ ಮೊದಲು, ಮಾತು ಆಮೇಲೆ

ಇಂಥ ಸಮಯದಲ್ಲಿ ಉದ್ಘೋಷಕರ ಕೈ ಮೈಕಿನ ಗುಂಡಿಯ ಕಡೆ ಹೋಗುವುದು ಸಹಜ. ಅದನ್ನು ತಡೆಯುವುದೇ ಕಂಟ್ರೋಲ್ ರೂಮಿನ ಮೊದಲ ಕೆಲಸ. "ಗೇಟ್ 3 ಮುಚ್ಚಿದೆ" ಎಂದಷ್ಟೇ ಹೇಳಿದರೆ 2,250 ಜನರಿಗೆ ದಾರಿ ಇಲ್ಲವೆಂದು ತಿಳಿಸಿದಂತಾಗುತ್ತದೆಯೇ ಹೊರತು ಎಲ್ಲಿಗೆ ಹೋಗಬೇಕೆಂದು ತಿಳಿಸಿದಂತಾಗುವುದಿಲ್ಲ. ಜನರನ್ನು ಎಲ್ಲಿಗೆ ಕಳಿಸಬೇಕೆಂಬುದು ಊಹೆಯಿಂದ ತೀರ್ಮಾನವಾಗುವ ವಿಷಯವೂ ಅಲ್ಲ.

ಬ್ರಿಟನ್ನಿನಲ್ಲಿ 'ಗ್ರೀನ್ ಗೈಡ್' ಎಂದೇ ಹೆಸರಾದ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸಾಗಬಲ್ಲರು, ಮೆಟ್ಟಿಲಾದರೆ 66 ಜನ. ಸಾಮಾನ್ಯ ನಿರ್ಗಮನ ಎಂಟು ನಿಮಿಷದೊಳಗೆ ಮುಗಿಯಬೇಕೆಂದೂ ಅದು ಹೇಳುತ್ತದೆ. ಅಷ್ಟು ಹೊತ್ತು ಕಳೆದರೂ ಹೊರದಾರಿ ಸಿಗದಿದ್ದರೆ ಸಾಲಿನಲ್ಲಿ ನಿಂತವರ ಅಸಹನೆ ಹೆಚ್ಚುತ್ತದೆ ಎಂಬ ಅನುಭವದಿಂದ ಬಂದ ಮಿತಿ ಅದು. ಈ ದರದಲ್ಲಿ 4 ಮೀಟರ್ ಅಗಲದ ಒಂದು ಗೇಟು ನಿಮಿಷಕ್ಕೆ 328 ಜನರನ್ನು ಹೊರಬಿಡುತ್ತದೆ. 2,250 ಜನ ಸುಮಾರು ಏಳು ನಿಮಿಷದಲ್ಲಿ ಹೊರಗಿರುತ್ತಾರೆ. ಆದರೆ ಗೇಟ್ 3ರ ಪ್ರೇಕ್ಷಕರೆಲ್ಲ ಪಕ್ಕದ ಗೇಟ್ 4ಕ್ಕೆ ನುಗ್ಗಿದರೆ ಅಲ್ಲಿ 4,500 ಜನರಾಗುತ್ತಾರೆ, ನಿರ್ಗಮನ ಹದಿನಾಲ್ಕು ನಿಮಿಷದ ಹತ್ತಿರ ಹೋಗುತ್ತದೆ. ಏನೂ ಹೇಳದೆ ಬಿಟ್ಟರೆ ಇನ್ನೂ ಕೆಟ್ಟದ್ದಾಗುತ್ತದೆ. ಜನ ಸಾಮಾನ್ಯವಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಮುಚ್ಚಿದ ಗೇಟಿನ ತನಕ ಹೋಗಿ, ಅಲ್ಲಿಂದ ಎದುರು ಬರುವವರ ನಡುವೆ ವಾಪಸು ತಿರುಗಲು ನೋಡುತ್ತಾರೆ.

ಆದ್ದರಿಂದ ಕಂಟ್ರೋಲ್ ರೂಂ ಹೀಗೆ ಹಂಚಿತು: ಬ್ಲಾಕ್ 7ರವರು ಗೇಟ್ 2ಕ್ಕೆ, 8 ಮತ್ತು 9ರವರು ಗೇಟ್ 4ಕ್ಕೆ, ಗೇಟ್ 4ರ ಹೊರೆ ಇಳಿಸಲು ಬ್ಲಾಕ್ 12ರವರು ಉತ್ತರದ ಗೇಟ್ 5ಕ್ಕೆ. ಆಗ ಗೇಟ್ 2 ಮತ್ತು 4ರಲ್ಲಿ ತಲಾ 3,000 ಜನ, ಲೆಕ್ಕದ ಪ್ರಕಾರ ಒಂಬತ್ತು ನಿಮಿಷಕ್ಕಿಂತ ತುಸು ಹೆಚ್ಚು. ಮಿತಿಯನ್ನು ಮೀರಿದ ಆ ಒಂದು ನಿಮಿಷವನ್ನು ಬಹುಮಾನ ವಿತರಣೆ ತುಂಬಿಕೊಳ್ಳುತ್ತದೆ ಎಂಬುದು ಅಧಿಕಾರಿಯ ಎಣಿಕೆ. ಸಮಾರಂಭ ನೋಡಲು ಕೆಲವರು ಕೂತೇ ಇರುತ್ತಾರೆ, ಎಲ್ಲರೂ ಒಟ್ಟಿಗೆ ಏಳುವುದಿಲ್ಲ. ಈ ಹಂಚಿಕೆಯಲ್ಲಿ ಒಂದು ಲೋಪವಿತ್ತು; ಅದು ಕೊನೆಗೆ ಮೆಟ್ಟಿಲ ಬಳಿ ಕಾಣಿಸಿಕೊಂಡಿತು.

ಗಮನಿಸಬೇಕಾದ ಸಂಗತಿಯೆಂದರೆ ಬ್ಲಾಕ್ 12ರವರಿಗೆ ಮೈಕಿನಲ್ಲಿ ಏನನ್ನೂ ಹೇಳಲು ನಿರ್ಧರಿಸಲಿಲ್ಲ. ಅವರ ಗೇಟು ತೆರೆದೇ ಇದೆ. "ನೀವೂ ಬೇರೆ ಕಡೆ ಹೋಗಿ" ಎಂದರೆ ಏಕೆಂಬ ಪ್ರಶ್ನೆ ಏಳುತ್ತದೆ, ಪ್ರಕಟಣೆಯಲ್ಲಿ ಇನ್ನೂ ಒಂದು ಬ್ಲಾಕ್, ಇನ್ನೂ ಒಂದು ಗೇಟು ಸೇರಿ ಗೊಂದಲವಾಗುತ್ತದೆ. ಬ್ಲಾಕಿನ ಬಾಯಲ್ಲಿ ನಿಂತ ಇಬ್ಬರು ಸಿಬ್ಬಂದಿ ಕೈ ತೋರಿಸಿ ಎಡಕ್ಕೆ ತಿರುಗಿಸಿದರೆ ಆ ಕೆಲಸ ಆಗುತ್ತದೆ. ಧ್ವನಿವರ್ಧಕದಿಂದ ಮಾಡಿಸಬೇಕಾದ ಕೆಲಸ ಯಾವುದು, ಎದುರಿಗೆ ನಿಂತ ಮನುಷ್ಯನಿಂದ ಮಾಡಿಸಬೇಕಾದದ್ದು ಯಾವುದು ಎಂಬ ಈ ವಿಂಗಡಣೆಯನ್ನು ಬಹಳ ಕಂಟ್ರೋಲ್ ರೂಮುಗಳು ಮಾಡುವುದೇ ಇಲ್ಲ. ಎಲ್ಲವನ್ನೂ ಮೈಕಿಗೆ ಹೊರಿಸುತ್ತವೆ.

ಯಾವಾಗ ಹೇಳುವುದು

79ನೇ ನಿಮಿಷದಲ್ಲಿ ನಿರ್ಧಾರವಾದರೂ ಪ್ರಕಟಣೆ ಹೊರಟದ್ದು 85ನೇ ನಿಮಿಷದಲ್ಲಿ. ನಡುವಿನ ಆರು ನಿಮಿಷ ವ್ಯರ್ಥವಾಗಲಿಲ್ಲ. ಮೊದಲು ಸಿಬ್ಬಂದಿಗೆ ವಾಕಿಟಾಕಿಯಲ್ಲಿ ಹೊಸ ಹಂಚಿಕೆ ತಿಳಿಸಿ, ಪ್ರತಿ ಬ್ಲಾಕಿನವರಿಂದ ಅದೇ ಮಾತನ್ನು ತಿರುಗಿ ಹೇಳಿಸಿಕೊಳ್ಳಲಾಯಿತು. ಗೇಟ್ 3ರ ಓಣಿಯ ಬಾಯಿಗೆ ಹಗ್ಗ ಕಟ್ಟಿದರು. ಬಾಣದ ಗುರುತಿನ ಫಲಕಗಳನ್ನು ತಂದು ನಿಲ್ಲಿಸಿದರು. ಸಿಬ್ಬಂದಿ ಜಾಗದಲ್ಲಿ ನಿಂತ ಮೇಲೆಯೇ ಮಾತು ಹೊರಡಬೇಕು. ಮೈಕಿನಲ್ಲಿ "ಗೇಟ್ 2ಕ್ಕೆ ಹೋಗಿ" ಎಂದು ಕೇಳಿದ ಪ್ರೇಕ್ಷಕ ಓಣಿಗೆ ಬಂದಾಗ, ಅಲ್ಲಿನ ಸಿಬ್ಬಂದಿ ಅಭ್ಯಾಸಬಲದಿಂದ ಗೇಟ್ 3ರ ಕಡೆ ಕೈ ತೋರಿಸಿದರೆ ಅವನು ನಂಬುವುದು ಕಣ್ಣೆದುರಿನ ಕೈಯನ್ನೇ. ಆಮೇಲೆ ಬರುವ ಯಾವ ಪ್ರಕಟಣೆಗೂ ಬೆಲೆ ಇರುವುದಿಲ್ಲ.

ತೀರಾ ತಡವೂ ಮಾಡುವಂತಿಲ್ಲ. ಪಂದ್ಯ ಮುಗಿದ ಕ್ಷಣ ಜನ ಎದ್ದು ನಿಲ್ಲುತ್ತಾರೆ, ಮಾತಾಡುತ್ತಾರೆ, ಬೆನ್ನು ತಿರುಗಿಸುತ್ತಾರೆ. ಕೂತವನಿಗೆ ಕೇಳಿಸಿದಂತೆ ನಡೆಯುವವನಿಗೆ ಕೇಳಿಸುವುದಿಲ್ಲ. ಹಾಗಾಗಿ ಮೊದಲ ಪ್ರಕಟಣೆ ಆಟದ ಕೊನೆಯ ಹತ್ತು ನಿಮಿಷದೊಳಗೆ, ಜನ ಇನ್ನೂ ಕೂತಿರುವಾಗ ಬರಬೇಕು. ಅದನ್ನು ಕೇಳಿ ಕೆಲವರು ಬೇಗ ಎದ್ದು ಹೊರಟರೆ ಅದು ಲಾಭವೇ.

84ನೇ ನಿಮಿಷದಲ್ಲಿ ಉದ್ಘೋಷಕರು ಗುಂಡಿ ಒತ್ತುವಷ್ಟರಲ್ಲಿ ಗೋಲಾಯಿತು. ಅವರು ಕೈ ತೆಗೆದರು. ಗೋಲಾದಾಗ ಪ್ರೇಕ್ಷಕರ ಗದ್ದಲ 100 ಡೆಸಿಬಲ್ ದಾಟುವುದುಂಟು. ಮಾತು ಅರ್ಥವಾಗಬೇಕಾದರೆ ಅದು ಸುತ್ತಲಿನ ಸದ್ದಿಗಿಂತ ಸುಮಾರು 10 ಡೆಸಿಬಲ್ ಮೇಲಿರಬೇಕು. ಆ ಗದ್ದಲದ ಮೇಲೆ ಇನ್ನೂ ಹತ್ತು ಏರಿಸಹೊರಟರೆ ಧ್ವನಿವರ್ಧಕ ಕರ್ಕಶವಾಗಿ ಒಡೆಯುತ್ತದೆ, ಅಕ್ಷರ ಮಾತ್ರ ಕೇಳಿಸುವುದಿಲ್ಲ. ಕಾಯುವುದೊಂದೇ ದಾರಿ. ಒಂದು ನಿಮಿಷದ ನಂತರ ಆಟಗಾರನೊಬ್ಬನಿಗೆ ಪೆಟ್ಟಾಗಿ ಆಟ ನಿಂತಿತು, ಸದ್ದು ಇಳಿಯಿತು. ಆಗ ಗಂಟೆಯ ಸದ್ದು ಎರಡು ಬಾರಿ, ಒಂದು ಕ್ಷಣದ ಮೌನ, ಆಮೇಲೆ ಮಾತು.

ಏನು ಹೇಳಿದರು

ಮೊದಲು ಬರೆದಿಟ್ಟಿದ್ದ ಕರಡು ಹೀಗಿತ್ತು:

"ಪ್ರೇಕ್ಷಕರ ಗಮನಕ್ಕೆ. ತಾಂತ್ರಿಕ ಕಾರಣಗಳಿಂದಾಗಿ ಗೇಟ್ ಸಂಖ್ಯೆ 3ನ್ನು ತಾತ್ಕಾಲಿಕವಾಗಿ ಮುಚ್ಚಲಾಗಿರುವುದರಿಂದ ಬ್ಲಾಕ್ 7, 8 ಮತ್ತು 9ರ ಪ್ರೇಕ್ಷಕರು ಗೇಟ್ 3ರ ಕಡೆಗೆ ಹೋಗದೆ ಪರ್ಯಾಯ ದ್ವಾರಗಳನ್ನು ಬಳಸಿ ಸಹಕರಿಸಬೇಕಾಗಿ ವಿನಂತಿ."

ಕಾಗದದ ಮೇಲೆ ಈ ವಾಕ್ಯಕ್ಕೆ ಕುಂದಿಲ್ಲ. ಮೈದಾನದಲ್ಲಿ ಇದು ಅಪಾಯಕಾರಿ. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ತುದಿಗೆ ಬರುತ್ತವೆ. ಪ್ರೇಕ್ಷಕ ಕೇಳಿಸಿಕೊಳ್ಳುವುದು ತುಂಡು ತುಂಡಾಗಿ. ಪಕ್ಕದವನು ಕೂಗಿದ ಹೊತ್ತಿಗೆ "ಹೋಗದೆ" ಎಂಬುದು ಮುಳುಗಿಹೋದರೆ ಅವನ ಕಿವಿಗೆ ಉಳಿಯುವುದು "ಬ್ಲಾಕ್ 7, 8, 9… ಗೇಟ್ 3ರ ಕಡೆಗೆ" ಎಂಬಷ್ಟೇ. ಎರಡು ಬಾರಿ ಗೇಟ್ 3ರ ಹೆಸರು ಕೇಳಿದ, ಬಳಸಬೇಕಾದ ಗೇಟಿನ ಹೆಸರು ಒಂದು ಬಾರಿಯೂ ಕೇಳಲಿಲ್ಲ. "ಪರ್ಯಾಯ ದ್ವಾರಗಳು" ಎಂಬುದರಿಂದ ಯಾರ ಕಾಲೂ ಯಾವ ಕಡೆಗೂ ತಿರುಗುವುದಿಲ್ಲ. "ತಾಂತ್ರಿಕ ಕಾರಣ" ಎಂಬ ಮಾತನ್ನು ಕೇಳಿ ಕೇಳಿ ಜನ ಅದನ್ನು ಏನನ್ನೋ ಮುಚ್ಚಿಡುವ ಮಾತೆಂದೇ ತಿಳಿಯುತ್ತಾರೆ; ಅದರ ಮೇಲೆ ಬ್ಲಾಕ್ 8ರ ಮೇಲಿನ ಸಾಲಿನವರಿಗೆ ಹೊಗೆಯ ವಾಸನೆ ಬೇರೆ ಬಂದಿರುತ್ತದೆ.

ಓದಿದ ಪ್ರಕಟಣೆ ಇದು:

"ಬ್ಲಾಕ್ ಏಳು, ಎಂಟು, ಒಂಬತ್ತರಲ್ಲಿ ಕುಳಿತವರೇ, ಗಮನಿಸಿ. ನಿಮ್ಮ ಹೊರದಾರಿ ಬದಲಾಗಿದೆ. ಬ್ಲಾಕ್ ಏಳು: ಗೇಟ್ ಎರಡರಿಂದ ಹೊರಡಿ. ಬ್ಲಾಕ್ ಎಂಟು ಮತ್ತು ಒಂಬತ್ತು: ಗೇಟ್ ನಾಲ್ಕರಿಂದ ಹೊರಡಿ. ಹೊರಗೆ ವಿದ್ಯುತ್ ಪೆಟ್ಟಿಗೆಯೊಂದು ಸುಟ್ಟಿದೆ, ಅಗ್ನಿಶಾಮಕ ಸಿಬ್ಬಂದಿ ಅಲ್ಲಿದ್ದಾರೆ. ನೀವು ಕುಳಿತಿರುವ ಜಾಗ ಸುರಕ್ಷಿತವಾಗಿದೆ. ಹಳದಿ ಜಾಕೆಟ್ ತೊಟ್ಟವರು ದಾರಿ ತೋರಿಸುತ್ತಾರೆ."

ಮುಚ್ಚಿದ ಗೇಟಿನ ಸಂಖ್ಯೆ ಇದರಲ್ಲಿ ಎಲ್ಲೂ ಇಲ್ಲ. ದಾರಿ ಹೇಳುವ ಪ್ರತಿ ವಾಕ್ಯ ಯಾರಿಗೆ ಎಂಬುದರಿಂದ ಆರಂಭವಾಗುತ್ತದೆ, ಏಕೆಂದರೆ ತನ್ನ ಬ್ಲಾಕಿನ ಹೆಸರು ಕೇಳಿದ ಮೇಲೆಯೇ ಮನುಷ್ಯ ಕಿವಿಗೊಡುತ್ತಾನೆ. ಕೊನೆಯಲ್ಲಿರುವ ಕ್ರಿಯಾಪದ ಮುಳುಗಿದರೂ "ಬ್ಲಾಕ್ ಏಳು, ಗೇಟ್ ಎರಡು" ಎಂಬ ಜೋಡಿ ಉಳಿದರೆ ಸಾಕು. ಕಾರಣವನ್ನು ಮರೆಮಾಡಿಲ್ಲ, ಆದರೆ ದಾರಿ ಹೇಳಿದ ಮೇಲೆ ಕಾರಣ ಬಂದಿದೆ. "ಬೆಂಕಿ" ಎಂಬ ಪದವನ್ನು ಬಿಟ್ಟದ್ದು ಭಯಕ್ಕಲ್ಲ, ಅಲ್ಲಿ ಹರಡುವ ಬೆಂಕಿ ಇರಲಿಲ್ಲ ಎಂಬ ಕಾರಣಕ್ಕೆ, ಇದ್ದಿದ್ದರೆ ಹೇಳಲೇಬೇಕಿತ್ತು. ನಿಜ ಹೇಳಿದರೆ ಜನ ದಿಕ್ಕೆಟ್ಟು ಓಡುತ್ತಾರೆ ಎಂಬ ಹಳೆಯ ನಂಬಿಕೆಗೆ ಆಧಾರ ಕಡಿಮೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಮಾನ್ಯುಮೆಂಟ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ ಗೀಲೆನ್ ಪ್ರೂ ಮತ್ತು ಜೊನಾಥನ್ ಸೈಮ್ ನಡೆಸಿ, 1991ರಲ್ಲಿ ಪ್ರಕಟಿಸಿದ ತೆರವು ಪ್ರಯೋಗಗಳು ಇದನ್ನೇ ತೋರಿಸಿದವು. ಬರೀ ಗಂಟೆ ಬಾರಿಸಿದಾಗ ಪ್ರಯಾಣಿಕರು ಹೆಚ್ಚು ಹೊತ್ತು ಅಲ್ಲೇ ಉಳಿದರು. ಏನಾಗಿದೆ, ಯಾವ ಕಡೆ ಹೋಗಬೇಕು ಎಂಬುದನ್ನು ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ ಹೇಳಿದಾಗ ಬೇಗ ಹೊರಟರು.

ಓದಿದ ವೇಗವೂ ಬರೆದ ಮಾತಿನಷ್ಟೇ ಮುಖ್ಯ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರು ಸ್ಟ್ಯಾಂಡಿನ ಧ್ವನಿವರ್ಧಕ 170 ಮೀಟರ್ ದೂರದಲ್ಲಿದ್ದರೆ ಅದರ ಮಾತು ಅರ್ಧ ಸೆಕೆಂಡ್ ತಡವಾಗಿ ಬಂದು ಹತ್ತಿರದ ಧ್ವನಿವರ್ಧಕದ ಮುಂದಿನ ಪದದ ಮೇಲೆ ಬೀಳುತ್ತದೆ. ಈ ಕಾರಣಕ್ಕೆ ಪ್ರಕಟಣೆಯನ್ನು ಪೂರ್ವದ ಸ್ಟ್ಯಾಂಡಿನ ವಲಯಕ್ಕೆ ಮಾತ್ರ ಬಿಡಲಾಯಿತು, ಪ್ರತಿ ವಾಕ್ಯದ ನಂತರ ಒಂದು ಉಸಿರಿನಷ್ಟು ಬಿಡುವು ಕೊಡಲಾಯಿತು. ಇಡೀ ಮೈದಾನಕ್ಕೆ ಬಿಟ್ಟಿದ್ದರೆ ಪಶ್ಚಿಮದ ಸ್ಟ್ಯಾಂಡಿನ ಬ್ಲಾಕ್ ಏಳರವರೂ ತಮಗೇ ಹೇಳಿದ್ದೆಂದು ತಿಳಿದು ಎದ್ದುಬಿಡುತ್ತಿದ್ದರು. ಬ್ಲಾಕ್ ಸಂಖ್ಯೆಗಳನ್ನು ಎಲ್ಲ ಸ್ಟ್ಯಾಂಡಿನಲ್ಲೂ ಒಂದರಿಂದಲೇ ಆರಂಭಿಸುವ ಮೈದಾನಗಳು ಈ ತೊಂದರೆಯನ್ನು ತಾವೇ ಕಟ್ಟಿಕೊಂಡಿರುತ್ತವೆ.

ಪ್ರಕಟಣೆ ಮುಗಿದ ಕೂಡಲೇ ಕಂಟ್ರೋಲ್ ರೂಂ ವಾಕಿಟಾಕಿಯಲ್ಲಿ ಬ್ಲಾಕ್ ಬ್ಲಾಕಿಗೂ ಕೇಳಿತು: "ಕೇಳಿಸಿತೇ?" ಬ್ಲಾಕ್ 7ರಿಂದ ಉತ್ತರ ಬಂತು, 9ರಿಂದ ಬಂತು. ಬ್ಲಾಕ್ 8ರ ಹಿಂದಿನ ಓಣಿಯಲ್ಲಿ, ಶೌಚಾಲಯದ ಬಳಿ ನಿಂತಿದ್ದ ಸಿಬ್ಬಂದಿ, "ಆಸನದ ಕಡೆಯಿಂದ ಏನೋ ಸದ್ದು ಬಂತು ಸರ್, ಇಲ್ಲಿನ ಸ್ಪೀಕರ್ ಸುಮ್ಮನಿದೆ" ಎಂದರು. ಕಂಟ್ರೋಲ್ ರೂಮಿನ ಫಲಕದಲ್ಲಿ ಆ ವಲಯದ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಆ ದೀಪ ಆಂಪ್ಲಿಫೈಯರ್ ಕೆಲಸ ಮಾಡುತ್ತಿದೆ ಎಂದಷ್ಟೇ ಹೇಳುತ್ತದೆ, ತಂತಿಯ ಆಚೆ ತುದಿಯಲ್ಲಿ ಸದ್ದು ಹೊರಟಿದೆ ಎಂದಲ್ಲ. ಓಣಿಯ ಸ್ಪೀಕರುಗಳಿಗೆ ಹೋಗುವ ತಂತಿ ಸುಟ್ಟ ಪೆಟ್ಟಿಗೆಯ ಪಕ್ಕದಲ್ಲೇ ಹಾದುಹೋಗಿತ್ತು. ತುರ್ತು ಧ್ವನಿ ವ್ಯವಸ್ಥೆಗಳಲ್ಲಿ ತಂತಿ ತುಂಡಾದರೆ ತಾನಾಗಿ ಎಚ್ಚರಿಸುವ ಏರ್ಪಾಡು ಇರುತ್ತದೆ. ಸಾಮಾನ್ಯ ಧ್ವನಿವರ್ಧಕಗಳಲ್ಲಿ ಬಹುಪಾಲು ಇರುವುದಿಲ್ಲ. ಒಬ್ಬ ಸಿಬ್ಬಂದಿಯ ಕೈಗೆ ಮೆಗಾಫೋನ್ ಕೊಟ್ಟು ಆ ಓಣಿಯಲ್ಲಿ ನಿಲ್ಲಿಸಿದರು. ಮಾರ್ಗ ಬದಲಾದದ್ದು ಯಾರಿಗೆ ಎಲ್ಲರಿಗಿಂತ ಹೆಚ್ಚು ತಿಳಿಯಬೇಕಿತ್ತೋ ಅವರಿಗೇ ಅದು ಕೇಳಿರಲಿಲ್ಲ ಎಂಬುದು ಮರುಪ್ರಶ್ನೆ ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕಾಣೆಯಾದ ಮಗು

81ನೇ ನಿಮಿಷದಲ್ಲಿ, ಅಂದರೆ ಗೇಟಿನ ಸಿದ್ಧತೆ ನಡೆಯುತ್ತಿರುವಾಗಲೇ, ಬ್ಲಾಕ್ 5ರ ಪ್ರೇಕ್ಷಕರೊಬ್ಬರು ಸಹಾಯ ಕೇಂದ್ರಕ್ಕೆ ಓಡಿ ಬಂದರು. ಆರು ವರ್ಷದ ಮಗಳು ತಾಯಿಯ ಜೊತೆ ಶೌಚಾಲಯಕ್ಕೆ ಹೋದವಳು ಅಲ್ಲಿನ ನೂಕಿನಲ್ಲಿ ಕೈ ತಪ್ಪಿಸಿಕೊಂಡಿದ್ದಳು.

"ಸರ್, ಮೊದಲು ಮೈಕಲ್ಲಿ ಹೇಳಿಸಿ. ಅವಳ ಹೆಸರು ಹೇಳಿ, ನೀಲಿ ಫ್ರಾಕು ಅಂತ ಹೇಳಿ. ಯಾರಾದರೂ ನೋಡಿರ್ತಾರೆ."

"ಹೇಳಿಸೋಣ ಸರ್. ಆದರೆ ಹೆಸರು, ಬಟ್ಟೆ ಎರಡನ್ನೂ ಎಲ್ಲರಿಗೂ ಕೇಳಿಸುವಂತೆ ಹೇಳಿದರೆ, ಯಾರು ಬೇಕಾದರೂ ಅವಳನ್ನ ಹೆಸರು ಹಿಡಿದು ಕರೆಯಬಹುದು. ನಮ್ಮವರಿಗೆಲ್ಲ ಈಗಲೇ ವಾಕಿಟಾಕಿಯಲ್ಲಿ ಹೇಳ್ತಿದ್ದೇನೆ. ನೀವು ಇಲ್ಲೇ ಇರಿ, ಅಮ್ಮ ನಿಮ್ಮ ಸೀಟಿನ ಹತ್ತಿರವೇ ಇರಲಿ. ಅವಳು ವಾಪಸು ಅಲ್ಲಿಗೇ ಬರಬಹುದು."

ಆ ತಂದೆಯ ಆತಂಕ ಸಹಜ, ಅವರ ಬೇಡಿಕೆ ಮಾತ್ರ ಮಗುವಿಗೇ ಅಪಾಯ ತರುವಂಥದ್ದು. ತನ್ನ ಹೆಸರು ಹಿಡಿದು ಕರೆದವರನ್ನು ಆರು ವರ್ಷದ ಮಗು ಪರಿಚಿತರೆಂದೇ ನಂಬುತ್ತದೆ. "ನೀಲಿ ಫ್ರಾಕಿನ ಹುಡುಗಿ ಗೇಟ್ 2ರ ಬಳಿ ಸಿಕ್ಕಿದ್ದಾಳೆ, ಪೋಷಕರು ಬಂದು ಕರೆದುಕೊಂಡು ಹೋಗಿ" ಎಂಬ ಪ್ರಕಟಣೆಯನ್ನು ನಾವೆಲ್ಲ ಜಾತ್ರೆಗಳಲ್ಲಿ ಕೇಳಿ ಬೆಳೆದಿದ್ದೇವೆ. ಆ ಒಂದು ವಾಕ್ಯದಲ್ಲಿ ಒಂಟಿ ಮಗುವಿನ ಗುರುತೂ ಅದು ಇರುವ ಜಾಗವೂ ಇವೆ, ತಾನೇ ಪೋಷಕನೆಂದು ಬಂದವನನ್ನು ಪರೀಕ್ಷಿಸಲು ಬೇಕಾದ ವಿವರಗಳನ್ನೂ ಮುಂಚೆಯೇ ಹಂಚಿಬಿಟ್ಟಿರುತ್ತೇವೆ.

ಮಗುವಿನ ವಿವರ ಸಿಬ್ಬಂದಿಗೆ ಮಾತ್ರ ಹೋಯಿತು. ಗೇಟ್ 1 ಮತ್ತು 2ರಲ್ಲಿ ಹೊರಹೋಗುವ ಪ್ರತಿ ಮಗುವನ್ನು ಗಮನಿಸಲು ತಲಾ ಒಬ್ಬರನ್ನು ನಿಲ್ಲಿಸಲಾಯಿತು. ಅಮೆರಿಕದ ಅಂಗಡಿಗಳಲ್ಲಿ 1994ರಲ್ಲಿ ಆರಂಭವಾದ 'ಕೋಡ್ ಆ್ಯಡಮ್' ಕ್ರಮದಲ್ಲಿ ಮಗು ಕಾಣೆಯಾದೊಡನೆ ಬಾಗಿಲುಗಳ ಮೇಲೆ ಕಾವಲು ಕೂರುತ್ತದೆ. ಅಂಗಡಿಯಲ್ಲಿ ಜನರನ್ನು ಬಾಗಿಲಲ್ಲಿ ತಡೆದು ನೋಡಬಹುದು. ಬರಿದಾಗುತ್ತಿರುವ ಸ್ಟ್ಯಾಂಡಿನ ಗೇಟಿನಲ್ಲಿ ನಿಮಿಷಕ್ಕೆ ಮುನ್ನೂರು ಜನ ಹೊರಬರುವಾಗ ತಡೆಯಲಾಗದು, ತಡೆಯಲೂಬಾರದು. ಹೀಗಾಗಿ ಈ ಹುಡುಕಾಟಕ್ಕೆ ಗಡುವು ಇತ್ತು. 88ನೇ ನಿಮಿಷದವರೆಗೂ ಮಗು ಸಿಗದಿದ್ದರೆ ಇಡೀ ಸ್ಟ್ಯಾಂಡಿಗೆ ಪ್ರಕಟಣೆ ಹೋಗಬೇಕೆಂದು ಅಧಿಕಾರಿ ನಿರ್ಧರಿಸಿ, ಅದರ ಪಠ್ಯವನ್ನು ಆಗಲೇ ಬರೆಸಿದರು:

"ಒಂಟಿಯಾಗಿರುವ ಮಗುವನ್ನು ನೀವು ಕಂಡರೆ, ಮಗು ಇರುವ ಜಾಗದಲ್ಲೇ ಅದರ ಜೊತೆ ನಿಲ್ಲಿ. ಕೈ ಎತ್ತಿ ಹಳದಿ ಜಾಕೆಟ್ ಸಿಬ್ಬಂದಿಯನ್ನು ಕರೆಯಿರಿ."

"ಮಗುವನ್ನು ಸಹಾಯ ಕೇಂದ್ರಕ್ಕೆ ಕರೆತನ್ನಿ" ಎಂದು ಬರೆಯದಿರುವುದಕ್ಕೆ ಕಾರಣವಿದೆ. ಹಾಗೆ ಹೇಳಿದರೆ ಅಪರಿಚಿತರೊಬ್ಬರು ಅಳುವ ಮಗುವನ್ನು ಎತ್ತಿಕೊಂಡು ಜನಸಂದಣಿಯಲ್ಲಿ ನಡೆಯುವುದನ್ನು ನಾವೇ ಸಹಜವೆನಿಸಿದಂತಾಗುತ್ತದೆ.

86ನೇ ನಿಮಿಷದಲ್ಲಿ ಉತ್ತರ ಸ್ಟ್ಯಾಂಡಿನ ಸಹಾಯ ಕೇಂದ್ರದಿಂದ ಕರೆ ಬಂತು: ಒಂಟಿ ಹುಡುಗಿ ಸಿಕ್ಕಿದ್ದಾಳೆ, ಹೆಸರು ಕೇಳಿದರೆ ಅಳುತ್ತಾಳೆ, ಮೈಮೇಲೆ ಬಿಳಿ ಜಾಕೆಟ್ ಇದೆ. ನೀಲಿ ಫ್ರಾಕು ಎಂದು ಹುಡುಕುತ್ತಿದ್ದವರಿಗೆ ಇದು ಬೇರೆ ಮಗುವಿರಬಹುದು ಎನ್ನಿಸಿತು. ತಾಯಿ ಶೌಚಾಲಯಕ್ಕೆ ಹೊರಡುವಾಗ ಜಾಕೆಟ್ ತೊಡಿಸಿದ್ದು ತಂದೆಗೆ ಗೊತ್ತಿರಲಿಲ್ಲ. ಬಟ್ಟೆಯ ಬಣ್ಣ ಹುಡುಕಾಟಕ್ಕೆ ಎಷ್ಟು ನೆರವೋ ಅಷ್ಟೇ ದಾರಿ ತಪ್ಪಿಸುತ್ತದೆ; ಕಾಲಿನ ಚಪ್ಪಲಿ ಅಥವಾ ಬೂಟಿನ ಬಣ್ಣವನ್ನು ಕೇಳಿಕೊಳ್ಳುವುದು ಲೇಸು, ಅದು ಬದಲಾಗುವುದು ಅಪರೂಪ. ಬೇರೆ ಮಗುವಾಗಿದ್ದರೆ ಅದರ ಪೋಷಕರನ್ನೂ ಕರೆಯಬೇಕು. ಆಗ ಉತ್ತರ ಮತ್ತು ಪೂರ್ವ ಸ್ಟ್ಯಾಂಡುಗಳ ಓಣಿಗಳಲ್ಲಿ ಮಾತ್ರ ಹೀಗೆ ಹೇಳಲಾಯಿತು:

"ಮಕ್ಕಳೊಂದಿಗೆ ಬಂದವರೇ, ನಿಮ್ಮ ಮಗು ಈಗ ನಿಮ್ಮ ಜೊತೆ ಇಲ್ಲದಿದ್ದರೆ, ಹತ್ತಿರದ ಹಳದಿ ಜಾಕೆಟ್ ಸಿಬ್ಬಂದಿಯನ್ನು ಮಾತನಾಡಿಸಿ."

ಇದರಲ್ಲಿ ಹುಡುಗನೋ ಹುಡುಗಿಯೋ, ವಯಸ್ಸೆಷ್ಟು, ಎಲ್ಲಿದೆ ಎಂಬ ಯಾವ ಸುಳಿವೂ ಇಲ್ಲ. ಆಸನಗಳ ಕಡೆಗೆ ಇದನ್ನು ಬಿಡದಿರಲು ಎರಡು ಕಾರಣ. ಗೇಟಿನ ಪ್ರಕಟಣೆ ಹೋಗಿ ಒಂದೇ ನಿಮಿಷವಾಗಿತ್ತು. ಹಿಂದೆ ಹಿಂದೆಯೇ ಇನ್ನೊಂದು ಬಂದರೆ ಗೇಟ್ ಸಂಖ್ಯೆಗಳು ಜನರ ತಲೆಯಿಂದ ಜಾರುತ್ತವೆ. ಅಲ್ಲದೆ, ಮಕ್ಕಳ ಮಾತು ಕೇಳಿದೊಡನೆ ಬೇರೆ ಕಡೆ ಕೂತ ಪ್ರತಿಯೊಬ್ಬ ತಂದೆ ತಾಯಿಯೂ ತಮ್ಮ ಮಗುವನ್ನು ನೋಡಿಕೊಳ್ಳಲು ಏಳುತ್ತಾರೆ. ಆ ಹೊತ್ತಿಗೆ ಬೇಕಾಗಿದ್ದದ್ದು ಜನ ಕೂತಿರುವುದು.

ಓಣಿಯಲ್ಲಿ ಹುಡುಕುತ್ತಿದ್ದ ತಾಯಿ (ಅವರು ಸೀಟಿನ ಬಳಿ ಕೂರಲು ಒಪ್ಪಿರಲಿಲ್ಲ) ಇದನ್ನು ಕೇಳಿ ಸಿಬ್ಬಂದಿಯ ಬಳಿ ಬಂದರು. ಅವರನ್ನು ನೇರವಾಗಿ ಮಗುವಿನ ಮುಂದೆ ನಿಲ್ಲಿಸಲಿಲ್ಲ. ಮಗು ಏನು ತೊಟ್ಟಿದೆ, ಬೂಟು ಯಾವ ಬಣ್ಣ, ಜೊತೆಗೆ ಬಂದವರು ಯಾರು ಎಂದು ಅವರಿಂದಲೇ ಹೇಳಿಸಿದರು. ಅತ್ತ ಮಗುವಿನ ಜೊತೆಗಿದ್ದ ಇಬ್ಬರು ಸಿಬ್ಬಂದಿ ಅವಳು ಹೇಳಿದಷ್ಟನ್ನು ಬರೆದಿಟ್ಟಿದ್ದರು. ಎರಡೂ ತಾಳೆಯಾದ ಮೇಲೆ ತಾಯಿಯನ್ನು ಒಳಗೆ ಬಿಟ್ಟರು. 88ನೇ ನಿಮಿಷದ ಪಠ್ಯವನ್ನು ಓದುವ ಅಗತ್ಯ ಬರಲಿಲ್ಲ.

ಮೆಟ್ಟಿಲ ಬಳಿ

88ನೇ ನಿಮಿಷದಲ್ಲಿ ಗೇಟಿನ ಪ್ರಕಟಣೆಯನ್ನು ಮತ್ತೊಮ್ಮೆ, ಆಟ ಮುಗಿದ ಕೂಡಲೇ ಇನ್ನೊಮ್ಮೆ ಓದಿದರು. ಪದಗಳನ್ನು ಒಂದಿಷ್ಟೂ ಬದಲಿಸಲಿಲ್ಲ. ಬೇಸರವಾಗದಿರಲೆಂದು ಪ್ರತಿ ಬಾರಿ ಬೇರೆ ಮಾತು ಬಳಸುವ ಉದ್ಘೋಷಕರಿದ್ದಾರೆ. ಕೇಳುವವರು ಅದನ್ನು ಹೊಸ ಸೂಚನೆಯೆಂದು ತಿಳಿಯುತ್ತಾರೆ.

ಮೊದಲ ಐದು ನಿಮಿಷ ಎಲ್ಲವೂ ಸರಾಗವಾಗಿತ್ತು. ಗೇಟ್ 2ರಲ್ಲಿ ಜನ ನಿಲ್ಲದೆ ಸಾಗುತ್ತಿದ್ದರು. ಗೇಟ್ 4ರ ಕ್ಯಾಮೆರಾದಲ್ಲಿ ಮಾತ್ರ ನಡಿಗೆ ನಿಧಾನವಾಗುತ್ತಾ ಬಂತು. ದಟ್ಟಣೆ ಅಪಾಯಕ್ಕೆ ತಿರುಗುತ್ತಿದೆಯೇ ಎಂದು ತಿಳಿಯಲು ಪರದೆಯ ಮೇಲೆ ತಲೆ ಎಣಿಸಬೇಕಿಲ್ಲ; ಜನರ ಹೆಜ್ಜೆ ನೋಡಿದರೆ ಸಾಕು. ಹೆಜ್ಜೆ ಚಿಕ್ಕದಾಗಿ, ಕಾಲೆಳೆಯುವಂತಾಗಿ, ಕೈಗಳು ಎದೆಯ ಮಟ್ಟಕ್ಕೆ ಬಂದು, ಒಬ್ಬರು ಅಲುಗಿದರೆ ಸುತ್ತಲಿನ ಹತ್ತು ಜನರೂ ಅಲುಗುವಂತಾದರೆ ಹಿಂದಿನಿಂದ ಬರುವವರನ್ನು ತಡೆಯುವ ಹೊತ್ತು ಬಂದಿದೆ ಎಂದರ್ಥ. ಗೇಟ್ 4ಕ್ಕೆ ಹೋಗುವುದು ಮೆಟ್ಟಿಲಿನ ದಾರಿ. ಹಂಚಿಕೆಯ ಲೆಕ್ಕ ಹಾಕುವಾಗ ಎಲ್ಲ ಗೇಟುಗಳಿಗೂ ಸಮತಟ್ಟು ದಾರಿಯ 82ರ ದರವನ್ನೇ ಹಿಡಿದಿದ್ದರು. 66ರ ದರದಲ್ಲಿ ಆ ಗೇಟಿನಿಂದ ನಿಮಿಷಕ್ಕೆ ಹೊರಹೋಗುವವರು 264 ಜನ ಮಾತ್ರ. 3,000 ಜನರಿಗೆ ಹನ್ನೊಂದು ನಿಮಿಷಕ್ಕೂ ಹೆಚ್ಚು ಬೇಕು.

ಇಲ್ಲಿ ಯಾರಿಗೆ ಹೇಳಬೇಕೆಂಬುದೇ ದೊಡ್ಡ ಪ್ರಶ್ನೆ. ಮೆಟ್ಟಿಲ ಮೇಲಿರುವವರಿಗೆ "ನೂಕಬೇಡಿ" ಎಂದರೆ ಪ್ರಯೋಜನವಿಲ್ಲ, ಅವರು ನೂಕುತ್ತಿಲ್ಲ, ನೂಕಿಸಿಕೊಳ್ಳುತ್ತಿದ್ದಾರೆ. "ಹಿಂದಕ್ಕೆ ಸರಿಯಿರಿ" ಎಂದರೆ ಮೆಟ್ಟಿಲ ಮೇಲೆ ತಿರುಗಲು ಹೋಗಿ ಬೀಳುತ್ತಾರೆ. ಒತ್ತಡ ಹುಟ್ಟುವುದು ಹಿಂದೆ. ಮುಂದೆ ಏನಾಗಿದೆಯೆಂದು ಅಲ್ಲಿರುವವರಿಗೆ ಕಾಣುವುದೂ ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1989ರ ಏಪ್ರಿಲ್ 15ರಂದು ಹೊರಗಿನ ಗೇಟ್ ತೆರೆದಾಗ ಒಳಬಂದ ಜನ ನೇರವಾಗಿ ಎದುರಿನ ಸುರಂಗದೊಳಗೆ ನಡೆದರು. ಮುಂದಿನ ಆವರಣಗಳು ಆಗಲೇ ತುಂಬಿದ್ದವು, ಪಕ್ಕದ ಆವರಣಗಳಲ್ಲಿ ಜಾಗವಿತ್ತು. ಸುರಂಗದ ಬಾಯಲ್ಲಿ ಅವರನ್ನು ತಡೆದು ಪಕ್ಕಕ್ಕೆ ತಿರುಗಿಸುವ ಮಾತಾಗಲಿ ಕೈಯಾಗಲಿ ಇರಲಿಲ್ಲ. ಆ ದುರಂತ 97 ಜನರ ಸಾವಿಗೆ ಕಾರಣವಾಯಿತು.

ಹಾಗಾಗಿ ಪ್ರಕಟಣೆ ಹೋದದ್ದು ಮೆಟ್ಟಿಲಿಗಲ್ಲ, ಬ್ಲಾಕ್ 8ರಿಂದ 11ರ ಆಸನಗಳಿಗೆ ಮತ್ತು ಅವುಗಳ ಹಿಂದಿನ ಮೇಲ್ಗಡೆಯ ಓಣಿಗೆ:

"ಬ್ಲಾಕ್ ಎಂಟರಿಂದ ಹನ್ನೊಂದರವರೇ, ಇದ್ದಲ್ಲೇ ನಿಲ್ಲಿ. ಮುಂದಿನ ಮೆಟ್ಟಿಲು ತುಂಬಿದೆ. ಆಸನದಲ್ಲಿರುವವರು ಕುಳಿತಿರಿ. ದಾರಿ ತೆರೆದಾಗ ಹೇಳುತ್ತೇವೆ."

ಅದೇ ಕ್ಷಣ ಮೆಟ್ಟಿಲ ತಲೆಯಲ್ಲಿ ನಾಲ್ವರು ಸಿಬ್ಬಂದಿ ಕೈ ಕೈ ಹಿಡಿದು ಅಡ್ಡ ನಿಂತರು, ಬ್ಲಾಕ್ 11ರವರನ್ನು ಗೇಟ್ 5ರ ಕಡೆ ತಿರುಗಿಸಲಾಯಿತು. ಎರಡು ನಿಮಿಷದಲ್ಲಿ ಮೆಟ್ಟಿಲು ಹಗುರಾಯಿತು. "ಹೇಳುತ್ತೇವೆ" ಎಂದ ಮೇಲೆ ಹೇಳದೆ ಇರುವಂತಿಲ್ಲ. ಪರಿಸ್ಥಿತಿ ಬದಲಾಗದಿದ್ದರೂ ನಿಮಿಷಕ್ಕೊಮ್ಮೆ "ಇನ್ನೂ ಸ್ವಲ್ಪ ಹೊತ್ತು" ಎಂದಾದರೂ ಹೇಳುತ್ತಿರಬೇಕು. ಇಲ್ಲವಾದರೆ ನಿಂತವರು ತಮ್ಮನ್ನು ಮರೆತಿದ್ದಾರೆಂದು ತಿಳಿದು ಹೊರಟೇಬಿಡುತ್ತಾರೆ. ಉದ್ಘೋಷಕರು ಎರಡು ಬಾರಿ ಹಾಗೆ ಹೇಳಿ, ಮೂರನೆಯ ಬಾರಿ ಬ್ಲಾಕ್ ಹತ್ತರವರನ್ನು, ಆಮೇಲೆ ಎಂಟು ಮತ್ತು ಒಂಬತ್ತರವರನ್ನು ಹೊರಡಿಸಿದರು.

ಪರಿಶೀಲನೆಯಲ್ಲಿ ಹಂಚಿಕೆಯನ್ನು ತಿದ್ದಲಾಯಿತು. ಬ್ಲಾಕ್ 11 ಮತ್ತು 12 ಎರಡನ್ನೂ ಮೊದಲಿನಿಂದಲೇ ಗೇಟ್ 5ಕ್ಕೆ ಕೊಟ್ಟರೆ ಗೇಟ್ 4ರ ಮೆಟ್ಟಿಲಲ್ಲಿ 2,250 ಜನರಷ್ಟೇ ಉಳಿದು ಎಂಟೂವರೆ ನಿಮಿಷದಲ್ಲಿ ಮುಗಿಯುತ್ತದೆ. ಗೇಟ್ 5ರಲ್ಲಿ 3,000 ಜನರಾದರೂ ಅಲ್ಲಿ ದಾರಿ ಸಮತಟ್ಟಾಗಿರುವುದರಿಂದ ಸುಮಾರು ಒಂಬತ್ತು ನಿಮಿಷ ಸಾಕು. ಯಾವ ಗೇಟ್ ಮುಚ್ಚಿದರೆ ಯಾವ ಬ್ಲಾಕ್ ಎಲ್ಲಿಗೆ ಎಂಬ ಲೆಕ್ಕವನ್ನು ಪ್ರತಿ ಗೇಟಿಗೂ ಮೊದಲೇ ಮಾಡಿ, ಓದಬೇಕಾದ ಮಾತನ್ನು ದಪ್ಪ ಅಕ್ಷರದ ಕಾರ್ಡಿನಲ್ಲಿ ಬರೆದು ಮೈಕಿನ ಪಕ್ಕ ಇಡಬೇಕೆಂದು ತೀರ್ಮಾನವಾಯಿತು. ಕಾರ್ಡಿನಲ್ಲಿ ಕಾರಣ ಹೇಳುವ ಒಂದು ಸಾಲನ್ನು ಮಾತ್ರ ಖಾಲಿ ಬಿಡಲಾಗಿದೆ. ಓಣಿಯ ಸ್ಪೀಕರುಗಳಿಗೆ ಬೇರೆ ದಿಕ್ಕಿನಿಂದ ಎರಡನೆಯ ತಂತಿ ಎಳೆಯುವವರೆಗೆ, ಪ್ರತಿ ಪಂದ್ಯಕ್ಕೂ ಮುನ್ನ ಪ್ರತಿ ಓಣಿಯಲ್ಲಿ ಒಬ್ಬರು ನಿಂತು ಪರೀಕ್ಷಾ ಪ್ರಕಟಣೆ ಕೇಳಿಸಿಕೊಂಡು, ಕೇಳಿದ ಗೇಟ್ ಸಂಖ್ಯೆಯನ್ನು ವಾಕಿಟಾಕಿಯಲ್ಲಿ ತಿರುಗಿ ಹೇಳಬೇಕು. ಬರೀ "ಕೇಳಿಸಿತು" ಎಂಬ ಉತ್ತರವನ್ನು ಕಂಟ್ರೋಲ್ ರೂಂ ಒಪ್ಪುವಂತಿಲ್ಲ.